ಘರ್ಷಣೆ ಸೊನ್ನೆ ಮಾಡಿದರೂ ಎಂಜಿನ್ ಬಿಸಿ ಉಗುಳುವುದು ಯಾಕೆ?

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದ್ದೀನಿ, ಊರು ತೀರ್ಥಹಳ್ಳಿ ಹತ್ತಿರ. ಥರ್ಮೋಡೈನಮಿಕ್ಸ್ ಮೊದಲನೇ ನಿಯಮ ಶಕ್ತಿ ನಾಶ ಆಗಲ್ಲ ಅನ್ನುತ್ತೆ. ಆದ್ರೆ ಲ್ಯಾಬ್‌ನಲ್ಲಿ ಡೀಸೆಲ್ ಎಂಜಿನ್ನಿನ ಎಫಿಶಿಯನ್ಸಿ 29% ಅಷ್ಟೇ ಬಂತು. ಉಳಿದ 71 ಎಲ್ಲಿ ಹೋಯ್ತು? ಘರ್ಷಣೆ ಪೂರ್ತಿ ತೆಗೆದರೆ 100% ಬರುತ್ತಾ? ಆ ಬಿಸಿ ನೀರು, ಹೊಗೆ ಎಲ್ಲಾ ವಾಪಸ್ ಉಪಯೋಗಿಸಿದರೆ? ಎರಡನೇ ನಿಯಮ ಬಾಯಿಪಾಠ ಬರುತ್ತೆ, ಅರ್ಥ ಆಗಿಲ್ಲ.

ಉತ್ತರ: ಘರ್ಷಣೆ ಪೂರ್ತಿ ತೆಗೆದರೆ ನಿಮ್ಮ 29 ಹೆಚ್ಚುಕಡಿಮೆ 37 ಆಗುತ್ತದೆ, ಅಷ್ಟೇ. 100 ಅಲ್ಲ, 50 ಕೂಡ ಅಲ್ಲ. ನನ್ನ ಕ್ಲಾಸಿನಲ್ಲಿ ಹತ್ತರಲ್ಲಿ ಎಂಟು ಹುಡುಗರು ಎರಡನೇ ನಿಯಮ ಅಂದರೆ ಘರ್ಷಣೆಯ ನಿಯಮ ಅಂದುಕೊಂಡೇ ಬರುತ್ತಾರೆ. ಘರ್ಷಣೆ ಬೇರೆ ವಿಷಯ. ಅದನ್ನು ಎಣ್ಣೆ, ಬೇರಿಂಗ್ ಹಾಕಿ ಕಮ್ಮಿ ಮಾಡಬಹುದು. ಎರಡನೇ ನಿಯಮ ಹೇಳುವ ನಷ್ಟವನ್ನು ಯಾವ ಎಣ್ಣೆ ಹಾಕಿದರೂ ತಪ್ಪಿಸಲು ಆಗುವುದಿಲ್ಲ. ಎಂಜಿನ್ ತಿರುಗಬೇಕು ಅಂದರೆ ಸ್ವಲ್ಪ ಬಿಸಿಯನ್ನು ಹೊರಗೆ ಹಾಕಲೇಬೇಕು.

ಮೊದಲು ನಿಮ್ಮ 71 ಎಲ್ಲಿ ಹೋಯಿತು ನೋಡೋಣ. ಅದು ಪೂರ್ತಿ ಮೊದಲನೇ ನಿಯಮದ ಲೆಕ್ಕ. ಲ್ಯಾಬ್‌ನಲ್ಲಿ ನಿಂತಿರುವ ಎಂಜಿನ್ ಬಹುಶಃ ನಿಮ್ಮ ಅಡಿಕೆ ತೋಟದ ಪಂಪಿಗೆ ಹಾಕುವಂಥದ್ದೇ: ಒಂದೇ ಸಿಲಿಂಡರ್, 5 ಎಚ್‌ಪಿ, ನಿಮಿಷಕ್ಕೆ 1500 ಸುತ್ತು, ನೀರಿನ ಕೂಲಿಂಗ್. ಬೋರ್ 80 ಮಿಲಿಮೀಟರ್, ಸ್ಟ್ರೋಕ್ 110. ನಾನು ಬಹಳ ವರ್ಷ ಹುಡುಗರಿಂದ ಟೆಸ್ಟ್ ಮಾಡಿಸಿದ್ದು ಇಂಥದ್ದರ ಮೇಲೇ. ಅದರ ಒಂದು ರೀಡಿಂಗ್ ತೆಗೆದುಕೊಂಡು ಕೊನೆಯವರೆಗೂ ಅದನ್ನೇ ಎಳೆಯುತ್ತೇನೆ.

ಬ್ಯೂರೆಟ್‌ನಲ್ಲಿ 10 ಸಿಸಿ ಡೀಸೆಲ್ ಇಳಿಯಲು 30 ಸೆಕೆಂಡ್ ಬೇಕಾಯಿತು. 10 ಸಿಸಿ ಅಂದರೆ ಸುಮಾರು 8.3 ಗ್ರಾಂ. ಒಂದು ಗ್ರಾಂ ಡೀಸೆಲ್ ಉರಿದರೆ ಸುಮಾರು 43 ಕಿಲೋಜೂಲ್. ಲೆಕ್ಕ ಹಾಕಿದರೆ ಸೆಕೆಂಡಿಗೆ 12 ಕಿಲೋಜೂಲ್, ಅಂದರೆ 12 ಕಿಲೋವ್ಯಾಟ್ ಒಳಗೆ ಹೋಗುತ್ತಿದೆ. ಇದು ಜಮಾ. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಎಡಗಡೆ ಬರೆಯುವುದು.

ಈಗ ಖರ್ಚಿನ ಕಡೆ. ಶಾಫ್ಟಿನ ಪವರ್ ಅಳೆಯುವ ರೋಪ್ ಬ್ರೇಕಿನಲ್ಲಿ ತೂಕದಿಂದ ಸ್ಪ್ರಿಂಗ್ ಬ್ಯಾಲೆನ್ಸ್ ಕಳೆದು ಉಳಿದದ್ದು 15 ಕೆಜಿ, ಡ್ರಮ್ಮಿನ ತ್ರಿಜ್ಯ ಹಗ್ಗದ ಅರ್ಧ ದಪ್ಪವೂ ಸೇರಿ 0.15 ಮೀಟರ್. ಟಾರ್ಕ್ 22 ನ್ಯೂಟನ್ ಮೀಟರ್ ಬರುತ್ತದೆ, 1500 ಸುತ್ತಿಗೆ ಹೆಚ್ಚುಕಡಿಮೆ 3.5 ಕಿಲೋವ್ಯಾಟ್. 12ರಲ್ಲಿ 3.5 ಅಂದರೆ ನಿಮ್ಮ 29%. ಕೂಲಿಂಗ್ ನೀರು ನಿಮಿಷಕ್ಕೆ 4 ಲೀಟರ್ ಹರಿಯುತ್ತಿತ್ತು, ಒಳಗೆ ಹೋಗುವಾಗ 26 ಡಿಗ್ರಿ, ಹೊರಗೆ ಬರುವಾಗ 39. ಅದು 3.6 ಕಿಲೋವ್ಯಾಟ್ ಹೊತ್ತುಕೊಂಡು ಹೋಯಿತು. ಎಕ್ಸಾಸ್ಟ್ ಪೈಪಿನಲ್ಲಿ 400 ಡಿಗ್ರಿ ಇತ್ತು, ಸೆಕೆಂಡಿಗೆ ಸುಮಾರು 7 ಗ್ರಾಂ ಹೊಗೆ. ಅದರ ಪಾಲು 2.9. ಎಲ್ಲಾ ಕೂಡಿದರೆ 10. ಇನ್ನು 2 ಕಿಲೋವ್ಯಾಟ್ ಉಳಿಯಿತು ಅಲ್ವಾ? ಅದನ್ನೇ ಶೀಟಿನಲ್ಲಿ ‘ಲೆಕ್ಕಕ್ಕೆ ಸಿಗದ್ದು’ ಅಂತ ಬರೆಯುವುದು. ನಿಜವಾಗಿ ಅದೂ ಎಲ್ಲೂ ಮಾಯವಾಗಿಲ್ಲ. ಬ್ಲಾಕ್ ಬಿಸಿಯಾಗಿ ಸುತ್ತಲ ಗಾಳಿಗೆ ಕೊಡುತ್ತದೆ, ಎಣ್ಣೆ ಬಿಸಿಯಾಗುತ್ತದೆ, ಪೂರ್ತಿ ಉರಿಯದ ಡೀಸೆಲ್ ಹೊಗೆಯಲ್ಲಿ ಹೋಗುತ್ತದೆ. ನಮ್ಮ ಹತ್ತಿರ ಅಳೆಯುವ ಸಾಧನ ಇಲ್ಲ, ಅಷ್ಟೇ.

ಮೊದಲನೇ ನಿಯಮದ ಉಪಯೋಗ ಏನು ಅಂತ ಕೇಳಿದರೆ ನಾನು ಒಂದು ಘಟನೆ ಹೇಳುತ್ತೇನೆ. ಒಂದು ಬ್ಯಾಚಿನವರು ಶೀಟ್ ತಂದು ಕೊಟ್ಟರು, ಎಫಿಶಿಯನ್ಸಿ 58%. ಹುಡುಗರಿಗೆ ಖುಷಿಯೋ ಖುಷಿ. ನಾನು ಖರ್ಚಿನ ಕಡೆ ಕೂಡಿ ನೋಡಿ ಅಂದೆ. 7 ಕಿಲೋವ್ಯಾಟ್ ಬ್ರೇಕಿಗೆ, 3.6 ನೀರಿಗೆ, 2.9 ಹೊಗೆಗೆ, ಒಟ್ಟು 13.5. ಜಮಾ ಇರುವುದು 12. ಅಂದರೆ 113%. ಬಂದದ್ದಕ್ಕಿಂತ ಹೋದದ್ದು ಜಾಸ್ತಿ! ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಯಿತು. ನೋಡಿದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ್ದರು. ಒಂದು ಸಾಲೂ ಸರಿಯೋ ತಪ್ಪೋ ಗೊತ್ತಿಲ್ಲದಿದ್ದರೂ ಒಟ್ಟು ಮೊತ್ತ ಕಳ್ಳನನ್ನು ಹಿಡಿದುಕೊಟ್ಟಿತು. ಹಾಗಾಗಿ ‘ಲೆಕ್ಕಕ್ಕೆ ಸಿಗದ್ದು’ ಮೈನಸ್ ಬಂದರೆ ಮುಂದೆ ಹೋಗಬೇಡಿ, ಹಿಂದೆ ಹೋಗಿ. ಅದು ತೀರಾ ಜಾಸ್ತಿ, 30-35% ಬಂದರೂ ಅನುಮಾನ ಪಡಿ. ಸಾಮಾನ್ಯವಾಗಿ ಎಂಜಿನ್ ಇನ್ನೂ ಪೂರ್ತಿ ಬಿಸಿಯಾಗುವ ಮೊದಲೇ ರೀಡಿಂಗ್ ತೆಗೆದಿರುತ್ತೀರಿ. ಆಗ ಬಂದ ಬಿಸಿಯಲ್ಲಿ ಒಂದಷ್ಟು ಕಬ್ಬಿಣವನ್ನೇ ಬಿಸಿ ಮಾಡುತ್ತಾ ಒಳಗೇ ಕೂತಿರುತ್ತದೆ, ನೀರಿನ ಥರ್ಮಾಮೀಟರ್ ಅದನ್ನು ತೋರಿಸುವುದಿಲ್ಲ. ಹೊರಗೆ ಬರುವ ನೀರಿನ ಉಷ್ಣತೆ ಏರುವುದು ನಿಂತ ಮೇಲೆ ಬರೆದುಕೊಳ್ಳಿ.

ಇಲ್ಲಿ ನಾನು ಹೇಳಿದ್ದು ಎಂಜಿನ್ನಿಗೆ ಹೊರಗಿನಿಂದ ನೋಡಿದ ಲೆಕ್ಕ. ಸಿಲಿಂಡರಿನ ಒಳಗೆ ಹೋದರೆ ಅದೇ ನಿಯಮ ನಿಮ್ಮ ಪುಸ್ತಕದಲ್ಲಿರುವ ರೂಪದಲ್ಲಿ ಕಾಣುತ್ತದೆ:

ΔU = Q − W

U ಅಂದರೆ ಗಾಳಿಯ ಒಳಗಿರುವ ಶಕ್ತಿ, Q ಅದಕ್ಕೆ ಬಂದ ಬಿಸಿ, W ಅದು ಮಾಡಿದ ಕೆಲಸ. ಕಂಪ್ರೆಶನ್ ಸ್ಟ್ರೋಕ್ ತೆಗೆದುಕೊಳ್ಳಿ. ಎರಡೂ ವಾಲ್ವ್ ಮುಚ್ಚಿವೆ, ಪಿಸ್ಟನ್ ಮೇಲೆ ಬರುತ್ತಿದೆ. ಬಿಸಿ ಒಳಗೆ ಬರಲು, ಹೊರಗೆ ಹೋಗಲು ಸಮಯವೇ ಇಲ್ಲ, ಹಾಗಾಗಿ Q ಹತ್ತಿರ ಹತ್ತಿರ ಸೊನ್ನೆ. ಗಾಳಿ ಕೆಲಸ ಮಾಡುತ್ತಿಲ್ಲ, ನಾವು ಗಾಳಿಯ ಮೇಲೆ ಕೆಲಸ ಮಾಡುತ್ತಿದ್ದೇವೆ, ಹಾಗಾಗಿ W ಮೈನಸ್. ಮೈನಸ್ಸಿಗೆ ಮೈನಸ್ ಪ್ಲಸ್, U ಏರಲೇಬೇಕು. U ಏರಿತು ಅಂದರೆ ಗಾಳಿ ಬಿಸಿಯಾಯಿತು. ಬೆಂಕಿಯನ್ನೇ ಹಚ್ಚಿಲ್ಲ, ಆದರೂ ಬಿಸಿ. ಕಂಪ್ರೆಶನ್ ರೇಶಿಯೋ 17.5 ಇರುವ ಎಂಜಿನ್ನಿನಲ್ಲಿ 27 ಡಿಗ್ರಿಯ ಗಾಳಿ ಪುಸ್ತಕದ ಲೆಕ್ಕಕ್ಕೆ 670 ಡಿಗ್ರಿಯ ಹತ್ತಿರ ಹೋಗುತ್ತದೆ, ನಿಜದಲ್ಲಿ 550ರ ಆಸುಪಾಸು. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಇದು ಧಾರಾಳವಾಯಿತು. ಸ್ಪಾರ್ಕ್ ಪ್ಲಗ್ ಇಲ್ಲದೆ ಡೀಸೆಲ್ ಎಂಜಿನ್ ಓಡುವುದು ಈ ಒಂದು ಸಾಲಿನ ಬಲದ ಮೇಲೆ.

ತೋಟದಲ್ಲಿ ಹ್ಯಾಂಡಲ್ ಹೊಡೆದು ಎಂಜಿನ್ ಸ್ಟಾರ್ಟ್ ಮಾಡಿದ್ದರೆ ಇದು ನಿಮ್ಮ ಕೈಗೇ ಗೊತ್ತಿರುತ್ತದೆ. ಡಿಕಂಪ್ರೆಶನ್ ಲಿವರ್ ಎತ್ತಿದಾಗ ವಾಲ್ವ್ ಸ್ವಲ್ಪ ತೆರೆದಿರುತ್ತದೆ, ಗಾಳಿ ಜಾರಿಕೊಳ್ಳುತ್ತದೆ, ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ನಾಲ್ಕಾರು ಸುತ್ತು ತಿರುಗಿಸಿ ಫ್ಲೈವೀಲಿಗೆ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ತಟ್ಟನೆ ಎದುರು ಒದೆಯುತ್ತದೆ. ಆ ಒದೆತವೇ W. ನಿಮ್ಮ ತೋಳಿನ ಕೆಲಸ ಫ್ಲೈವೀಲಿಗೆ, ಫ್ಲೈವೀಲಿನದು ಗಾಳಿಗೆ, ಗಾಳಿಯಲ್ಲಿ ಅದು ಬಿಸಿ. ಡಿಸೆಂಬರಿನ ಬೆಳಿಗ್ಗೆ ಮಂಜು ಬಿದ್ದಾಗ ಅದೇ ಎಂಜಿನ್ ಯಾಕೆ ಹಟ ಹಿಡಿಯುತ್ತದೆ? ಎಣ್ಣೆ ಗಟ್ಟಿಯಾಗಿ ಸುತ್ತು ನಿಧಾನವಾಗುತ್ತದೆ. ನಿಧಾನವಾದರೆ ಗಾಳಿಯ ಬಿಸಿ ತಣ್ಣಗಿನ ಗೋಡೆಗೆ ಸೋರಲು ಸಮಯ ಸಿಗುತ್ತದೆ, ರಿಂಗ್ ಸವೆದಿದ್ದರೆ ಗಾಳಿಯೂ ಸೋರುತ್ತದೆ. Q ಈಗ ಸೊನ್ನೆ ಅಲ್ಲ, ಮೈನಸ್. U ಏರಬೇಕಾದಷ್ಟು ಏರುವುದಿಲ್ಲ, ಬರೀ ಬಿಳಿ ಹೊಗೆ ಬರುತ್ತದೆ. ಜಾಕೆಟ್ಟಿಗೆ ಬಿಸಿ ನೀರು ಹೊಯ್ದರೆ ಸ್ಟಾರ್ಟ್ ಆಗುವುದೂ ಇದಕ್ಕೇ.

ಇಲ್ಲಿಯವರೆಗೆ ಎರಡನೇ ನಿಯಮದ ಮಾತೇ ಬಂದಿಲ್ಲ, ಗಮನಿಸಿ.

ಈಗ ಆಗುಂಬೆ ಘಾಟಿಗೆ ಬನ್ನಿ. 6 ಟನ್ನಿನ ಮಿನಿ ಬಸ್ ಒಂದು ಸೋಮೇಶ್ವರದ ಕಡೆ ಇಳಿಯುತ್ತಿದೆ. ಲೆಕ್ಕಕ್ಕೆ 500 ಮೀಟರ್ ಎತ್ತರ ಇಳಿಯಿತು ಅಂತ ಇಟ್ಟುಕೊಳ್ಳಿ. 6000 ಕೆಜಿ, 9.81, 500, ಗುಣಿಸಿದರೆ ಸುಮಾರು 29 ಮೆಗಾಜೂಲ್. ಕೆಳಗೆ ಬಂದಾಗ ಬಸ್ ನಿಂತಿದೆ, ಹಾಗಾದರೆ ಆ ಶಕ್ತಿ ಎಲ್ಲಿ? ಗಾಳಿಗೆ, ಟಯರಿಗೆ, ಎಂಜಿನ್ ಬ್ರೇಕಿಂಗಿಗೆ ಒಂದಷ್ಟು ಹೋಯಿತು, ಉಳಿದದ್ದು ಬ್ರೇಕ್ ಡ್ರಮ್ಮಿನಲ್ಲಿ. ಇಳಿದ ಬಸ್ಸಿನ ಚಕ್ರದ ಹತ್ತಿರ ಮೂಗು ಒಯ್ದರೆ ಲೈನರ್ ಸುಟ್ಟ ವಾಸನೆ ಬರುತ್ತದೆ. ಮೊದಲನೇ ನಿಯಮಕ್ಕೆ ಪೂರ್ತಿ ತೃಪ್ತಿ. 29 ಹೋಯಿತು, 29 ಬಂತು.

ಈಗ ಉಲ್ಟಾ ಯೋಚಿಸಿ. ಬಿಸಿಯಾದ ಡ್ರಮ್ಮು, ಟಯರು, ಗಾಳಿ, ಎಂಜಿನ್ ಎಲ್ಲಾ ತಾವೇ ತಣ್ಣಗಾಗುತ್ತಾ, ಆ ಬಿಸಿಯನ್ನೆಲ್ಲ ಚಕ್ರಕ್ಕೆ ಕೊಟ್ಟು, ಬಸ್ಸನ್ನು ಹಿಮ್ಮುಖವಾಗಿ ಅಷ್ಟೂ ಹೇರ್‌ಪಿನ್ ತಿರುವು ಹತ್ತಿಸಿ ಆಗುಂಬೆಗೆ ವಾಪಸ್ ತಂದು ನಿಲ್ಲಿಸಿದವು ಅಂತ ಇಟ್ಟುಕೊಳ್ಳಿ. 29 ಹೋಯಿತು, 29 ಬಂತು. ಮೊದಲನೇ ನಿಯಮ ಇದಕ್ಕೂ ಬೇಡ ಅನ್ನುವುದಿಲ್ಲ! ಅದು ಬರೀ ಮೊತ್ತ ನೋಡುವ ಗುಮಾಸ್ತ. ದಿಕ್ಕು ಅದಕ್ಕೆ ಗೊತ್ತಿಲ್ಲ. ಆದರೆ ಇಂಥ ಬಸ್ಸನ್ನು ಯಾರೂ ನೋಡಿಲ್ಲ, ನೋಡುವುದೂ ಇಲ್ಲ. ಕೆಲಸ ಪೂರ್ತಿ ಬಿಸಿಯಾಗಬಹುದು, ಬಿಸಿ ಪೂರ್ತಿ ಕೆಲಸವಾಗಿ ವಾಪಸ್ ಬರುವುದಿಲ್ಲ. ಇದನ್ನು ಹೇಳಲು ಬೇರೆಯೇ ಒಂದು ನಿಯಮ ಬೇಕಾಯಿತು. ಅದೇ ಎರಡನೆಯದು.

ಎಂಜಿನ್ನಿನ ಭಾಷೆಯಲ್ಲಿ ಅದನ್ನು ಹೀಗೆ ಹೇಳುತ್ತಾರೆ: ಸುತ್ತು ಸುತ್ತಾಗಿ ಓಡುವ ಯಾವ ಯಂತ್ರವೂ ಒಂದೇ ಕಡೆಯಿಂದ ಬಿಸಿ ತೆಗೆದುಕೊಂಡು ಅದನ್ನು ಪೂರ್ತಿ ಕೆಲಸವಾಗಿ ಬದಲಾಯಿಸಲಾರದು, ಒಂದು ಪಾಲನ್ನು ತಣ್ಣಗಿರುವ ಇನ್ನೊಂದು ಕಡೆ ಬಿಡಲೇಬೇಕು. ಕೆಲ್ವಿನ್-ಪ್ಲ್ಯಾಂಕ್ ಹೇಳಿಕೆ ಅಂತ ನೀವು ಬಾಯಿಪಾಠ ಮಾಡಿದ್ದು ಇದನ್ನೇ. ‘ಸುತ್ತು ಸುತ್ತಾಗಿ’ ಅನ್ನುವುದನ್ನು ಬಿಟ್ಟು ಓದಿದರೆ ಅರ್ಥ ಕೆಡುತ್ತದೆ, ಹುಡುಗರು ಎಡವುವುದು ಅಲ್ಲೇ. ಯಾಕೆ ಅನ್ನುವುದನ್ನು ನಮ್ಮ 5 ಎಚ್‌ಪಿ ಎಂಜಿನ್ನಿನ ಒಳಗೇ ನೋಡೋಣ.

ಪವರ್ ಸ್ಟ್ರೋಕ್ ಮುಗಿದಿದೆ. ಪಿಸ್ಟನ್ ಕೆಳಗಿದೆ. ಒಳಗಿರುವ ಗ್ಯಾಸ್ ತಾನು ಮಾಡಬೇಕಾದ ಕೆಲಸ ಮಾಡಿ ಮುಗಿಸಿದೆ, ಆದರೂ ಇನ್ನೂ 600 ಡಿಗ್ರಿಯ ಮೇಲಿದೆ. ಈಗ ಪಿಸ್ಟನ್ ಮತ್ತೆ ಮೇಲೆ ಹೋಗಬೇಕು, ಇಲ್ಲದಿದ್ದರೆ ಎಂಜಿನ್ ಒಂದೇ ಒದೆತಕ್ಕೆ ನಿಂತುಬಿಡುತ್ತದೆ. ‘ಇಷ್ಟು ಬಿಸಿ ಗ್ಯಾಸನ್ನು ಯಾಕೆ ಎಸೆಯಬೇಕು, ಅದನ್ನೇ ಇಟ್ಟುಕೊಂಡು ಮತ್ತೆ ಒತ್ತಿಬಿಡೋಣ’ ಅನ್ನಿಸುತ್ತದೆ ಅಲ್ವಾ? ಒತ್ತಿ ನೋಡಿ.

ಗಾಳಿಯನ್ನು ಒಂದೇ ರೇಶಿಯೋದಲ್ಲಿ ಒತ್ತಲು ಬೇಕಾದ ಕೆಲಸ ಅದರ ಆರಂಭದ ಉಷ್ಣತೆಗೆ ಅನುಪಾತದಲ್ಲಿ ಇರುತ್ತದೆ, ಕೆಲ್ವಿನ್ ಲೆಕ್ಕದಲ್ಲಿ. 27 ಡಿಗ್ರಿ ಸೆಲ್ಸಿಯಸ್ ಅಂದರೆ 300 ಕೆಲ್ವಿನ್. 627 ಡಿಗ್ರಿ ಅಂದರೆ 900 ಕೆಲ್ವಿನ್. ಸರಿಯಾಗಿ ಮೂರು ಪಟ್ಟು. ನಮ್ಮ ಎಂಜಿನ್ನಿನಲ್ಲಿ ಒಂದು ಸಲ ತಣ್ಣನೆಯ ಗಾಳಿ ಒತ್ತಲು ಸುಮಾರು 250 ಜೂಲ್ ಬೇಕು. ಅದೇ ಜಾಗದಲ್ಲಿ ಆ ಬಿಸಿ ಗ್ಯಾಸನ್ನು ಒತ್ತಲು ಹೋದರೆ 700ರ ಆಸುಪಾಸು ಬೇಕಾಗುತ್ತದೆ. ಪವರ್ ಸ್ಟ್ರೋಕಿನಲ್ಲಿ ಸಿಕ್ಕಿದ್ದು ಎಷ್ಟು? ಸುಮಾರು 600. ಕೊಟ್ಟದ್ದನ್ನೆಲ್ಲ ಬಡ್ಡಿ ಸಮೇತ ಕೇಳುತ್ತಿದೆ! ಬಿಸಿ ಎಲ್ಲೂ ಸೋರದ ಆದರ್ಶ ಎಂಜಿನ್ನಿನಲ್ಲೂ ಹೋದ ದಾರಿಯಲ್ಲೇ ವಾಪಸ್ ಬಂದಂತೆ, ಕೊಟ್ಟಷ್ಟೇ ಕೇಳುತ್ತದೆ, ಲಾಭ ಸೊನ್ನೆ.

ಹಾಗಾದರೆ ಲಾಭ ಬರುವುದು ಹೇಗೆ? ಬಿಸಿ ಗ್ಯಾಸ್ ಹಿಗ್ಗುವಾಗ ಕೆಲಸ ತೆಗೆದುಕೊಳ್ಳಬೇಕು, ತಣ್ಣಗಾದ ಮೇಲೆ ಕುಗ್ಗಿಸಬೇಕು. 600 ಬಂತು, 250 ಕೊಟ್ಟೆವು, 350 ಕೈಯಲ್ಲಿ ಉಳಿಯಿತು. ಎಂಜಿನ್ ಅನ್ನುವುದು ಈ ವ್ಯತ್ಯಾಸದ ಮೇಲೆ ಬದುಕುತ್ತದೆ. ಆದರೆ ‘ತಣ್ಣಗಾದ ಮೇಲೆ’ ಅಂದರೆ ಏನು? ಅದರ ಬಿಸಿಯನ್ನು ಹೊರಗೆ ಎಲ್ಲಾದರೂ ಬಿಡಬೇಕು ಅಂತ. ಡೀಸೆಲ್ ಎಂಜಿನ್ ಇದಕ್ಕೆ ಸುಲಭದ ದಾರಿ ಕಂಡುಕೊಂಡಿದೆ: ಗ್ಯಾಸನ್ನು ತಣ್ಣಗೆ ಮಾಡುತ್ತಾ ಕೂರುವುದಿಲ್ಲ, ಎಕ್ಸಾಸ್ಟ್ ವಾಲ್ವ್ ತೆರೆದು ಹಳೆಯದನ್ನು ಉಗುಳಿ 27 ಡಿಗ್ರಿಯ ಹೊಸ ಗಾಳಿ ಎಳೆದುಕೊಳ್ಳುತ್ತದೆ. ನಿಮಗೆ ದಂಡ ಅಂತ ಕಾಣುವ ಆ 400 ಡಿಗ್ರಿಯ ಹೊಗೆ ಯಂತ್ರದ ದೋಷ ಅಲ್ಲ, ಮುಂದಿನ ಸುತ್ತನ್ನು ಅಗ್ಗ ಮಾಡಲು ಅದು ಕಟ್ಟುವ ಬೆಲೆ.

ಈಗ ಘರ್ಷಣೆ. ಕೈಯಲ್ಲಿ ಉಳಿದ 350ರಲ್ಲಿ ಪಿಸ್ಟನ್ ರಿಂಗ್, ಬೇರಿಂಗ್, ಪಂಪ್ ಎಲ್ಲಾ ಸೇರಿ 70-80 ಜೂಲ್ ತಿನ್ನುತ್ತವೆ. ಶಾಫ್ಟಿಗೆ 280 ಬರುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ 1500 ಸುತ್ತಿಗೆ ಸೆಕೆಂಡಿಗೆ ಹನ್ನೆರಡೂವರೆ ಸಲ ಉರಿಯುತ್ತದೆ, 280ಕ್ಕೆ ಗುಣಿಸಿ, ನಿಮ್ಮ 3.5 ಕಿಲೋವ್ಯಾಟ್ ಸಿಗುತ್ತದೆ. ಘರ್ಷಣೆ ಪೂರ್ತಿ ಸೊನ್ನೆ ಮಾಡಿದರೆ ಸುಮಾರು 4.4 ಕಿಲೋವ್ಯಾಟ್, 12ಕ್ಕೆ ಭಾಗಿಸಿದರೆ 37%. ಮೊದಲ ಸಾಲಿನಲ್ಲಿ ಹೇಳಿದ ಸಂಖ್ಯೆ ಇದೇ. ಈ ಘರ್ಷಣೆಯ ಅಂದಾಜು ನಿಮಗೂ ಸಿಗುತ್ತದೆ, ಪವರ್ ಏರಿದಂತೆ ಡೀಸೆಲ್ ಖರ್ಚು ಎಷ್ಟು ಅಂತ ಗುರುತಿಸುವ ವಿಲನ್ಸ್ ಲೈನ್ ಟೆಸ್ಟಿನ ಗ್ರಾಫನ್ನು ಎಡಕ್ಕೆ ಎಳೆದಾಗ ಮೈನಸ್ ಕಡೆ ಎಲ್ಲಿ ಮುಟ್ಟುತ್ತದೆ ನೋಡಿ.

ಇನ್ನೊಂದು ಪ್ರಶ್ನೆ ಜಾಣ ಹುಡುಗರು ಕೇಳುತ್ತಾರೆ. ಸಿಲಿಂಡರಿಗೆ ಬಿಸಿ ತಡೆಯುವ ಗೋಡೆ ಹಾಕಿ ಕೂಲಿಂಗ್ ನೀರೇ ತೆಗೆದುಬಿಟ್ಟರೆ? ಆ 3.6 ಉಳಿಯುತ್ತದೆ ಅಲ್ವಾ? 1980ರ ದಶಕದಲ್ಲಿ ಸೆರಾಮಿಕ್ ಹಾಕಿ ಅಂಥ ಎಂಜಿನ್ ಮಾಡಿ ನೋಡಿದರು. ನೀರಿಗೆ ಹೋಗುತ್ತಿದ್ದ ಬಿಸಿಯಲ್ಲಿ ದೊಡ್ಡ ಪಾಲು ಶಾಫ್ಟಿಗೆ ಬರಲಿಲ್ಲ, ಹೊಗೆಯ ಪೈಪಿಗೆ ಹೋಯಿತು. ಮೇಲಿನ ಲೆಕ್ಕ ನೋಡಿದ ಮೇಲೆ ಕಾರಣ ನಿಮಗೇ ಗೊತ್ತಾಗಬೇಕು: ಗೋಡೆ ಬಿಸಿಯಾದರೆ ಒಳಗೆ ಬರುವ ಹೊಸ ಗಾಳಿಯೂ ಬಿಸಿಯಾಗುತ್ತದೆ, ಒತ್ತುವ ಖರ್ಚು ಏರುತ್ತದೆ. ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ಕಿಂಡಿಯಲ್ಲಿ ಹೋಗುತ್ತದೆ.

ಹಾಗಾದರೆ ಅತಿ ಹೆಚ್ಚು ಎಷ್ಟು ಸಿಗಬಹುದು? ಇದನ್ನು 1824ರಲ್ಲೇ ಸಾಡಿ ಕಾರ್ನೋ ಅನ್ನುವ ಫ್ರೆಂಚ್ ಎಂಜಿನಿಯರ್ ಯೋಚಿಸಿದ್ದ. ಆಗ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಸ್ಟೀಮ್ ಎಂಜಿನ್, ಮೊದಲನೇ ನಿಯಮವನ್ನು ಇನ್ನೂ ಯಾರೂ ಸರಿಯಾಗಿ ಬರೆದಿರಲಿಲ್ಲ! ಎರಡನೆಯದರ ಬೇರು ಮೊದಲೇ ಬಂತು, ಮೊದಲನೆಯದು ಆಮೇಲೆ ಬಂತು, ತಮಾಷೆ. ಅವನ ವಿಚಾರ ಈಗ ನಾವು ಬರೆಯುವ ರೂಪದಲ್ಲಿ:

η = 1 − T₂/T₁

η ಅಂದರೆ ಎಫಿಶಿಯನ್ಸಿ, ಬಿಸಿ ಕಡೆಯ ಉಷ್ಣತೆ T₁, ಬಿಡುವ ಕಡೆಯದು T₂, ಎರಡೂ ಕೆಲ್ವಿನ್‌ನಲ್ಲಿ. ಸೆಲ್ಸಿಯಸ್ ಹಾಕಿದರೆ ಕೆಲಸ ಕೆಟ್ಟಿತು. 400 ಮತ್ತು 26 ಡಿಗ್ರಿಗೆ ಸೆಲ್ಸಿಯಸ್‌ನಲ್ಲೇ ಹಾಕಿದರೆ 93% ಬರುತ್ತದೆ, ಕೆಲ್ವಿನ್‌ನಲ್ಲಿ 56. ಪರೀಕ್ಷೆಯಲ್ಲಿ ಪ್ರತಿ ಸಲ ನಾಲ್ಕೈದು ಜನ ಈ 93 ಬರೆದು ಬರುತ್ತಾರೆ. ಕೂಲಿಂಗ್ ನೀರಿನ ಲೆಕ್ಕದಲ್ಲಿ ಸೆಲ್ಸಿಯಸ್ ನಡೆಯಿತಲ್ಲ ಸರ್ ಅಂತ ವಾದವನ್ನೂ ಮಾಡುತ್ತಾರೆ. ಅಲ್ಲಿ ಬೇಕಾದದ್ದು ವ್ಯತ್ಯಾಸ, ಎರಡರಲ್ಲೂ ಒಂದೇ. ಇಲ್ಲಿ ಬೇಕಾದದ್ದು ಭಾಗಾಕಾರ.

T₂ ಕಡಿಮೆ ಮಾಡೋಣ ಅಂದರೆ ಸುತ್ತಲಿನ ಗಾಳಿಗಿಂತ ಕೆಳಗೆ ಹೋಗಲು ಸುಮ್ನೆ ಆಗುವುದಿಲ್ಲ. ಆಗುಂಬೆಯ ಚಳಿಗಾಲದಲ್ಲೂ 285 ಕೆಲ್ವಿನ್ ಆಸುಪಾಸಿನಲ್ಲೇ ಇರುತ್ತೇವೆ. ಉಳಿದದ್ದು T₁ ಏರಿಸುವುದು. ರುಡಾಲ್ಫ್ ಡೀಸೆಲ್ ಮಾಡಲು ಹೊರಟದ್ದು ಅದನ್ನೇ. ಕಾರ್ನೋ ಹೇಳಿದ ಸೈಕಲ್ಲನ್ನೇ ಕಬ್ಬಿಣದಲ್ಲಿ ಕಟ್ಟುತ್ತೇನೆ ಅಂತ ಹೊರಟ, ಪೂರ್ತಿ ಆಗಲಿಲ್ಲ, ಆದರೆ 1897ರಲ್ಲಿ ಅವನ ಎಂಜಿನ್ 26% ತೋರಿಸಿತು. ಆಗಿನ ಸ್ಟೀಮ್ ಎಂಜಿನ್ನುಗಳ ಮುಂದೆ ಅದು ದೊಡ್ಡ ಮಾತು. ನಮ್ಮ ಲ್ಯಾಬಿನ ಸಣ್ಣ ಎಂಜಿನ್ ಇವತ್ತೂ ಅದರ ಹತ್ತಿರವೇ ಇದೆ ಅಂತ ನಗಬೇಡಿ, ಸಣ್ಣ ಸಿಲಿಂಡರಿಗೆ ಒಳಗಿನ ಗ್ಯಾಸಿಗೆ ಹೋಲಿಸಿದರೆ ಗೋಡೆ ಜಾಸ್ತಿ, ಬಿಸಿ ಬೇಗ ಸೋರುತ್ತದೆ. ಹಡಗಿಗೆ ಹಾಕುವ ದೊಡ್ಡ ಡೀಸೆಲ್ ಎಂಜಿನ್ನುಗಳು 50% ಮುಟ್ಟುತ್ತವೆ.

ಶಿವಮೊಗ್ಗ ಜಿಲ್ಲೆಯ ಹುಡುಗರು ತಪ್ಪದೆ ಕೇಳುವ ಮಾತು ಒಂದಿದೆ: ಶರಾವತಿಯ ಟರ್ಬೈನ್ 90% ಕೊಡುತ್ತದೆ, ಡೀಸೆಲ್ ಎಂಜಿನ್ನಿಗೆ ಯಾಕೆ ಆಗುವುದಿಲ್ಲ? ಎತ್ತರದಿಂದ ಬೀಳುವ ನೀರಿನಲ್ಲಿರುವುದು ಬಿಸಿ ಅಲ್ಲ. ಎಲ್ಲಾ ನೀರೂ ಒಂದೇ ದಿಕ್ಕಿಗೆ ನುಗ್ಗುತ್ತದೆ, ಪೆಲ್ಟನ್ ವೀಲಿನ ಬಕೆಟ್ಟಿಗೆ ಬಡಿಯುತ್ತದೆ. ಅಲ್ಲಿ ಕಾರ್ನೋ ಮಿತಿ ಲಾಗೂ ಆಗುವುದೇ ಇಲ್ಲ, ನಷ್ಟ ಅಂದರೆ ಘರ್ಷಣೆ, ಸೋರಿಕೆ ಇಷ್ಟೇ. ಡೀಸೆಲ್ಲನ್ನು ನಾವು ಮೊದಲು ಸುಟ್ಟು ಬಿಸಿ ಮಾಡುತ್ತೇವೆ. ಬಿಸಿ ಗ್ಯಾಸಿನಲ್ಲಿ ಅಣುಗಳು ಎಲ್ಲಾ ದಿಕ್ಕಿಗೂ ಓಡುತ್ತಿರುತ್ತವೆ, ನಮಗೆ ಬೇಕಾದದ್ದು ಪಿಸ್ಟನ್ನಿನ ಒಂದೇ ದಿಕ್ಕು. ಸಂತೆಯ ಜನರನ್ನೆಲ್ಲ ಒಂದೇ ಬಾಗಿಲಿನಿಂದ ತಳ್ಳಿದ ಹಾಗೆ. ನಿಮ್ಮ ಪುಸ್ತಕದಲ್ಲಿ ಎಂಟ್ರೊಪಿ ಅಂತ ಬರುತ್ತದಲ್ಲ, ಈ ಚೆದುರಿದ್ದರ ಲೆಕ್ಕ ಅದು. ಡಿಪ್ಲೊಮಾಕ್ಕೆ ಸದ್ಯ ಇಷ್ಟು ಸಾಕು.

ಕೊನೆಗೆ ನಿಮ್ಮ ಬಿಸಿ ನೀರು, ಹೊಗೆ. ಅವನ್ನು ವಾಪಸ್ ಉಪಯೋಗಿಸಬಹುದಾ? ಬಹುದು, ಆದರೆ ಎರಡರ ಬೆಲೆ ಒಂದೇ ಅಲ್ಲ. ಮೊದಲನೇ ನಿಯಮದ ಪುಸ್ತಕದಲ್ಲಿ ನೀರಿನದು 3.6, ಹೊಗೆಯದು 2.9, ನೀರೇ ಮೇಲು. ಎರಡನೇ ನಿಯಮದ ತಕ್ಕಡಿಗೆ ಹಾಕಿ. ನೀರು 39 ಡಿಗ್ರಿ, ಅಂದರೆ 312 ಕೆಲ್ವಿನ್, ಸುತ್ತಲಿನದು 299. ಕಾರ್ನೋ ಸೂತ್ರ 4% ಕೊಡುತ್ತದೆ, ಸುಮಾರು 150 ವ್ಯಾಟ್. ಅದೂ ನೀರು 39ರಲ್ಲೇ ನಿಂತಿದ್ದರೆ. ನಾವು ಬಿಸಿ ತೆಗೆದಂತೆಲ್ಲ ಅದು ತಣ್ಣಗಾಗುತ್ತಾ ಬರುತ್ತದೆ, ಹಾಗಾಗಿ ನಿಜದ ಮಿತಿ ಅದರ ಅರ್ಧ, 75 ವ್ಯಾಟ್. ಒಂದು ಸೀಲಿಂಗ್ ಫ್ಯಾನ್! ಅದೂ ಆದರ್ಶ ಯಂತ್ರ ಸಿಕ್ಕರೆ. ಹೊಗೆ 400 ಡಿಗ್ರಿಯಲ್ಲಿದೆ, ತಣ್ಣಗಾಗುತ್ತಾ ಹೋಗುವುದನ್ನು ಲೆಕ್ಕ ಹಿಡಿದರೂ ಅದರ 2.9ರಲ್ಲಿ ಮೂರನೇ ಒಂದು ಪಾಲು, ಸುಮಾರು 1 ಕಿಲೋವ್ಯಾಟ್ ಕೆಲಸ ತೆಗೆಯಲು ನಿಯಮ ಅಡ್ಡ ಬರುವುದಿಲ್ಲ. ಹೊಗೆಯ ಬೆಲೆ ನೀರಿನ ಹತ್ತು ಪಟ್ಟಿಗೂ ಜಾಸ್ತಿ. ಘಾಟಿ ಹತ್ತುವ ಲಾರಿಗಳಲ್ಲಿ ಟರ್ಬೋವನ್ನು ರೇಡಿಯೇಟರಿಗೆ ಹಾಕದೆ ಎಕ್ಸಾಸ್ಟಿಗೆ ಹಾಕುವುದು ಯಾಕೆ ಅಂತ ಯಾರಾದರೂ ಕೇಳಿದರೆ ಈ ಎರಡು ಸಂಖ್ಯೆ ಹೇಳಿ. ಹೊಗೆಯಲ್ಲಿ ಒತ್ತಡವೂ ಉಳಿದಿರುತ್ತದೆ, ಅದು ಇನ್ನೊಂದು ಅನುಕೂಲ.

ನೀರಿನ ಬಿಸಿಯನ್ನು ಕೆಲಸ ಮಾಡು ಅಂತ ಕೇಳಿದರೆ ಅದು 75 ವ್ಯಾಟ್. ಬಿಸಿಯಾಗಿಯೇ ಇರು ಅಂತ ಬಿಟ್ಟರೆ ಪೂರ್ತಿ 3.6 ಕಿಲೋವ್ಯಾಟ್, ಒಂದು ಜೂಲ್ ಕೂಡ ಕಡಿತ ಇಲ್ಲ. ನಮ್ಮ ತೋಟದ ಎಂಜಿನ್ ಓಡುವಾಗ ಅಪ್ಪ ಔಟ್‌ಲೆಟ್ ಪೈಪಿನ ಕೆಳಗೆ ಬಕೆಟ್ ಇಡುತ್ತಿದ್ದರು. ನಾಲ್ಕು ನಿಮಿಷಕ್ಕೆ ಒಂದು ಬಕೆಟ್, ಹದವಾದ 39 ಡಿಗ್ರಿ, ಆ ದಿನ ಬಚ್ಚಲ ಹಂಡೆಗೆ ಸೌದೆ ಹಾಕುತ್ತಿರಲಿಲ್ಲ.